ಕಾಲರ್ ಮಷೀನಿನ ಕುರ್ಚಿ ಖಾಲಿಯಾದರೆ ಖರ್ಚೆಷ್ಟು? ಕೆಲಸ ಬಿಡುವವರ ಪ್ರಮಾಣ ಅಳೆಯುವುದು, ನುರಿತವರು ಹೋದ ನಷ್ಟ ಲೆಕ್ಕ ಹಾಕುವುದು

ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಪ್ರೊಡಕ್ಷನ್ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಮೂರನೇ ಲೈನಿನ ಗಂಟೆವಾರು ಬೋರ್ಡಿನಲ್ಲಿ ಮೊದಲ ಗಂಟೆಗೆ 60 ಶರ್ಟ್ ಇರಬೇಕಾದ ಜಾಗದಲ್ಲಿ 34 ಅಂತ ಬರೆದಿತ್ತು. ಹೋಗಿ ನೋಡಿದರೆ ಕಾಲರ್ ಕೂರಿಸುವ ಮಷೀನಿನ ಹಿಂದೆ ಬಂಡಲ್‌ಗಳು ಮೊಣಕಾಲೆತ್ತರ ಬಿದ್ದಿವೆ, ಅದರ ಆಚೆ ಕಫ್ ಹಾಕುವವರು, ಕಾಜಾ ಗುಂಡಿ ಹಾಕುವವರು ಎಲ್ಲ ಕೈ ಕಟ್ಟಿ ಕೂತಿದ್ದಾರೆ. ಆ ಮಷೀನಿನ ಕುರ್ಚಿಯ ಮೇಲೆ ಹಳೇ ಸೀರೆ ಮಡಚಿ ಹೊಲಿದ ದಿಂಬು ಹಾಗೇ ಇತ್ತು, ಕತ್ತರಿ ದಾರದಲ್ಲಿ ಕಟ್ಟಿದ ಹಾಗೇ ನೇತಾಡುತ್ತಿತ್ತು, ಆದರೆ ಕೂರುವವರು ಇರಲಿಲ್ಲ. ಇಡೀ ಲೈನ್ ಅವರನ್ನು 'ಕಾಲರ್ ಅಕ್ಕ' ಅಂತಲೇ ಕರೆಯುತ್ತಿತ್ತು. ನಾಲ್ಕು ವರ್ಷದಿಂದ ಅದೇ ಮಷೀನಿನಲ್ಲಿ ಕೂತವರು ಶನಿವಾರ ಸಂಬಳ ತಗೊಂಡು ಹೋದರು, ಮತ್ತೆ ಬರಲಿಲ್ಲ.

ಆ ತಿಂಗಳ ರಿಪೋರ್ಟಿನಲ್ಲಿ ಅವರು 'ಬಿಟ್ಟವರು: 34' ಅನ್ನುವುದರೊಳಗೆ ಒಬ್ಬರಾಗಿ ಸೇರಿಹೋದರು. ಅದೇ 34ರಲ್ಲಿ ಎರಡು ದಿನ ಬಂದು ಹೋದ ಹೆಲ್ಪರ್ ಕೂಡ ಒಬ್ಬರು. ಇಬ್ಬರಿಗೂ ಒಂದೇ ಬೆಲೆ. ಈ ಬರಹ ಇರುವುದು ಅದಕ್ಕೇ: ಮೊದಲು ಪ್ರಮಾಣವನ್ನು ಸರಿಯಾಗಿ ಅಳೆಯುವುದು, ಆಮೇಲೆ ಅಂಥ ಒಂದು ಕುರ್ಚಿ ಖಾಲಿಯಾದಾಗ ನಿಜವಾಗಿ ಹೋದ ದುಡ್ಡು ಎಷ್ಟು ಅಂತ ಹುಡುಕುವುದು. ಉದಾಹರಣೆ ಗಾರ್ಮೆಂಟ್ಸಿನದು, ಆದರೆ ಮೈಸೂರಿನ ಹೆಬ್ಬಾಳದ ಸಿಎನ್‌ಸಿ ಶಾಪಿಗೂ ತೂಬಿನಕೆರೆಯ ಯಾವುದೇ ಘಟಕಕ್ಕೂ ಇದೇ ದಾರಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲ ಹೆಜ್ಜೆ: 'ಬಿಟ್ಟವರು' ಯಾರು, ಬಿಟ್ಟಿದ್ದು ಯಾವತ್ತು

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ನಮ್ಮ ಕಡೆ ಕಾರ್ಮಿಕರು ರಾಜೀನಾಮೆ ಬರೆದು ಹೋಗುವುದು ಕಡಿಮೆ. ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ. ಆಫೀಸಿನವರು ಹತ್ತು ದಿನ, ಹದಿನೈದು ದಿನ ಕಾದು ಹಾಜರಿ ಪುಸ್ತಕದಿಂದ ಹೆಸರು ತೆಗೆಯುತ್ತಾರೆ, ಆ ದಿನವನ್ನೇ 'ಬಿಟ್ಟ ದಿನ' ಅಂತ ಬರೆಯುತ್ತಾರೆ. ಇದರಿಂದ ಮಾರ್ಚ್ ಕೊನೆಯಲ್ಲಿ ಹೋದವರು ಏಪ್ರಿಲ್ ಲೆಕ್ಕಕ್ಕೆ ಬರುತ್ತಾರೆ, ಯುಗಾದಿಗೆ ಊರಿಗೆ ಹೋಗಿ ವಾಪಸ್ ಬರದವರ ಸಂಖ್ಯೆ ಬೇರೆ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕಾರಣ ಹುಡುಕಲು ಹೋದರೆ ದಾರಿಯೇ ತಪ್ಪುತ್ತದೆ. ಆದ್ದರಿಂದ ಕೊನೆಯದಾಗಿ ಕೆಲಸ ಮಾಡಿದ ದಿನವನ್ನೇ ಬಿಟ್ಟ ದಿನ ಅಂತ ಇಟ್ಟುಕೊಳ್ಳಿ. ಹೆಸರು ತೆಗೆದ ದಿನ ಬೇಕಾದರೆ ಇನ್ನೊಂದು ಕಾಲಂನಲ್ಲಿರಲಿ.

ಇದರ ಜೊತೆಗೇ ಇನ್ನೊಂದು ವಿಷಯ ಇದೆ, ಮಂಡ್ಯ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟ ಮೇಲೆ ನಾಟಿ ಶುರುವಾಗುತ್ತದೆ. ಆಗ ಎರಡು ಮೂರು ವಾರ ಎಷ್ಟೋ ಹೆಣ್ಣುಮಕ್ಕಳು ಕಾರ್ಖಾನೆಗೆ ಬರುವುದಿಲ್ಲ. ಕೆಲವರು ಸ್ವಂತ ಗದ್ದೆ ನೋಡಿಕೊಳ್ಳಲು ಹೋಗುತ್ತಾರೆ, ಕೆಲವರು ದಿನಗೂಲಿ ಜಾಸ್ತಿ ಸಿಗುತ್ತದೆ ಅಂತ. ಅವರು ಕೆಲಸ ಬಿಟ್ಟಿಲ್ಲ, ಗೈರುಹಾಜರು ಅಷ್ಟೇ. ಹತ್ತನೇ ದಿನಕ್ಕೆ ಹೆಸರು ತೆಗೆದು, ಇಪ್ಪತ್ತೈದನೇ ದಿನ ಅವರೇ ಬಂದಾಗ ಹೊಸ ನಂಬರ್ ಕೊಟ್ಟು ಸೇರಿಸಿಕೊಂಡರೆ, ಪುಸ್ತಕದಲ್ಲಿ ಒಬ್ಬರು ಬಿಟ್ಟರು, ಒಬ್ಬರು ಸೇರಿದರು ಅಂತಾಗುತ್ತದೆ. ಹೀಗೆ ಸುಳ್ಳು ಟರ್ನೋವರ್, ಅಂದರೆ ಬಿಟ್ಟವರ ಸುಳ್ಳು ಪ್ರಮಾಣ, ಹುಟ್ಟುತ್ತದೆ. 30 ದಿನದೊಳಗೆ ವಾಪಸ್ ಬಂದವರನ್ನು ಬಿಟ್ಟವರ ಪಟ್ಟಿಯಿಂದ ತೆಗೆಯಿರಿ, ಹಳೆಯ ನಂಬರನ್ನೇ ಮುಂದುವರಿಸಿ. ಅದಕ್ಕಿಂತ ತಡವಾಗಿ ಬಂದರೆ ಬಿಟ್ಟದ್ದೂ ಲೆಕ್ಕ, ಸೇರಿದ್ದೂ ಲೆಕ್ಕ. 30 ಅನ್ನುವುದು ನಾನು ಇಟ್ಟುಕೊಂಡಿದ್ದ ಗಡಿ, ನೀವು ಬೇರೆ ಇಟ್ಟುಕೊಳ್ಳಬಹುದು, ಆದರೆ ವರ್ಷದ ನಡುವೆ ಬದಲಾಯಿಸಬೇಡಿ.

ಕಾಂಟ್ರಾಕ್ಟರ್ ಕಡೆಯಿಂದ ಬಂದು ಲೈನಿನಲ್ಲಿ ಕೂರುವವರನ್ನೂ ಸೇರಿಸಿ. ಒಂದು ಲೈನಿನಿಂದ ಇನ್ನೊಂದಕ್ಕೆ ಹೋದವರನ್ನು ಬಿಟ್ಟವರು ಅಂತ ಎಣಿಸಬೇಡಿ.

ಎರಡನೇ ಹೆಜ್ಜೆ: ಶೇಕಡಾವಾರು ತೆಗೆಯುವುದು

ಸೂತ್ರ ಸರಳ. ಆ ಅವಧಿಯಲ್ಲಿ ಬಿಟ್ಟವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ಕಾರ್ಮಿಕರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. ನಮ್ಮಲ್ಲಿ ಏಪ್ರಿಲ್ 1ಕ್ಕೆ 408 ಜನ ಇದ್ದರು, ತಿಂಗಳಲ್ಲಿ 18 ಜನ ಸೇರಿದರು, 34 ಜನ ಬಿಟ್ಟರು, ಏಪ್ರಿಲ್ 30ಕ್ಕೆ 392 ಉಳಿದರು. ಸರಾಸರಿ 400. ಅಂದರೆ ಏಪ್ರಿಲ್ ಪ್ರಮಾಣ ಶೇ 8.5.

ಇದನ್ನು ಎಕ್ಸೆಲ್ ಹಾಳೆಯಲ್ಲಿ ಮಾಡುವುದು ಕಷ್ಟವಲ್ಲ. ಒಬ್ಬರಿಗೆ ಒಂದು ಸಾಲು. ನಂಬರ್, ಹೆಸರು, ಗ್ರೇಡ್, ಲೈನ್, ಸೇರಿದ ದಿನ, ಕೊನೆಯ ಕೆಲಸದ ದಿನ, ಹೀಗೆ ಆರು ಕಾಲಂ, ಅಂದರೆ A ಇಂದ F ತನಕ. ಈಗಲೂ ಇರುವವರಿಗೆ ಕೊನೆಯ ಕಾಲಂ ಖಾಲಿ. ಮೊದಲ ಸೂತ್ರ ಏಪ್ರಿಲ್‌ನಲ್ಲಿ ಬಿಟ್ಟವರನ್ನು ಎಣಿಸುತ್ತದೆ, ಎರಡನೆಯದು ಅವರಲ್ಲಿ ಎ ಗ್ರೇಡಿನ ನುರಿತವರನ್ನು ಮಾತ್ರ, ಮೂರನೆಯದು ಏಪ್ರಿಲ್ 30ರಂದು ಇದ್ದವರನ್ನು:

```
=COUNTIFS(F:F,">="&DATE(2025,4,1),F:F,"<="&DATE(2025,4,30))
=COUNTIFS(F:F,">="&DATE(2025,4,1),F:F,"<="&DATE(2025,4,30),C:C,"A")
=COUNTIFS(E:E,"<="&DATE(2025,4,30))-COUNTIFS(F:F,"<"&DATE(2025,4,30))
```

ದಿನಾಂಕಗಳು ನಿಜವಾದ ದಿನಾಂಕಗಳಾಗಿಯೇ ಇರಬೇಕು. ಚುಕ್ಕಿ ಹಾಕಿ ಟೈಪ್ ಮಾಡಿದ 30.4.25 ಅನ್ನುವಂಥದ್ದನ್ನು ಎಕ್ಸೆಲ್ ಹೆಚ್ಚಾಗಿ ಬರೀ ಅಕ್ಷರ ಅಂದುಕೊಂಡು ಬಿಟ್ಟುಬಿಡುತ್ತದೆ, ಸಂಖ್ಯೆ ಕಡಿಮೆ ಬಂದು ನೀವು ಖುಷಿಯಾಗಿರುತ್ತೀರಿ. ಹಾಜರಿ ಪುಸ್ತಕದ ತಲೆ ಎಣಿಕೆಗೂ ಮೂರನೇ ಸೂತ್ರದ ಉತ್ತರಕ್ಕೂ ತಾಳೆ ನೋಡಿ. ತಾಳೆಯಾಗದಿದ್ದರೆ ಮುಂದಕ್ಕೆ ಹೋಗಬೇಡಿ.

ಏಪ್ರಿಲಿನ 8.5 ಅನ್ನು 12ರಿಂದ ಗುಣಿಸಿ 'ವರ್ಷಕ್ಕೆ ಶೇ 102' ಅಂತ ಹೇಳುವವರಿದ್ದಾರೆ. ಹಾಗೆ ಮಾಡಬೇಡಿ. ಏಪ್ರಿಲ್, ಮೇನಲ್ಲಿ ಹಬ್ಬ, ಮದುವೆ, ಮಕ್ಕಳಿಗೆ ರಜೆ, ಜಾತ್ರೆ ಎಲ್ಲ ಒಟ್ಟಿಗೆ ಬರುತ್ತವೆ. ಹನ್ನೆರಡು ತಿಂಗಳ ಬಿಟ್ಟವರನ್ನು ಕೂಡಿ, ಹನ್ನೆರಡು ತಿಂಗಳ ಸರಾಸರಿಯಿಂದ ಭಾಗಿಸಿ. ನಮ್ಮಲ್ಲಿ ವರ್ಷಕ್ಕೆ 288 ಜನ ಬಿಟ್ಟಿದ್ದರು, ಸರಾಸರಿ 400. ಅಂದರೆ ಶೇ 72.

ಮೂರನೇ ಹೆಜ್ಜೆ: ಆ ಒಂದು ಸಂಖ್ಯೆಯನ್ನು ಒಡೆಯುವುದು

ಶೇ 72 ಅಂದ ತಕ್ಷಣ ಮಾಲೀಕರ ತಲೆಯಲ್ಲಿ ಬರುವ ಚಿತ್ರ, ನೂರರಲ್ಲಿ ಎಪ್ಪತ್ತೆರಡು ಜನ ಹೋಗಿಬಿಟ್ಟರು ಅಂತ. ಅದು ನಿಜವಲ್ಲ. ನಾವು ವರ್ಷದ ಮೊದಲ ದಿನ ಇದ್ದ 408 ಜನರ ಪಟ್ಟಿ ತೆಗೆದು ವರ್ಷದ ಕೊನೆಗೆ ಅದರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನೋಡಿದೆವು. 278 ಜನ ಇದ್ದರು, ಶೇ 68. ಇದಕ್ಕೆ ಸ್ಥಿರತೆಯ ಸೂಚಿ ಅನ್ನುತ್ತಾರೆ. ಅಂದರೆ ಹಳಬರಲ್ಲಿ ಹೋದವರು 130 ಮಾತ್ರ. ಮಿಕ್ಕ 158 ಜನ ಅದೇ ವರ್ಷ ಬಂದು ಅದೇ ವರ್ಷ ಹೋದವರು. ಕೆಲವು ಕುರ್ಚಿಗಳು ಮಾತ್ರ ಮೂರು ಮೂರು ಸಲ ಖಾಲಿಯಾಗಿ ತುಂಬಿದ್ದವು, ಬಹಳ ಕುರ್ಚಿಗಳು ಅಲುಗಿರಲೇ ಇಲ್ಲ.

ಆಮೇಲೆ ಬಿಟ್ಟ 288 ಜನರನ್ನು ಎಷ್ಟು ದಿನ ಇದ್ದರು ಅನ್ನುವುದರ ಮೇಲೆ ವಿಂಗಡಿಸಿದೆವು. ಕೊನೆಯ ಕೆಲಸದ ದಿನದಿಂದ ಸೇರಿದ ದಿನ ಕಳೆದರೆ ಬಂತು, `=F2-E2`. ಮೂರು ತಿಂಗಳೊಳಗೆ ಹೋದವರು 140 ಜನ, ಹತ್ತಿರ ಹತ್ತಿರ ಅರ್ಧ. ಇವರ ಕಾರಣಗಳೇ ಬೇರೆ: ಟಾರ್ಗೆಟ್ ಒತ್ತಡ, ಸೂಪರ್‌ವೈಸರ್ ಬಾಯಿ, ದಿನವಿಡೀ ಕೂತು ಬರುವ ಸೊಂಟನೋವು, ಹೇಳಿದ ಸಂಬಳಕ್ಕೂ ಕೈಗೆ ಬಂದದ್ದಕ್ಕೂ ವ್ಯತ್ಯಾಸ. ಅದು ಬೇರೆಯದೇ ಸಮಸ್ಯೆ, ಅದರ ಪರಿಹಾರವೂ ಬೇರೆ.

ನಮಗೆ ಇಲ್ಲಿ ಬೇಕಾದದ್ದು ಗ್ರೇಡಿನ ವಿಂಗಡಣೆ. ಗಾರ್ಮೆಂಟ್ಸಿನಲ್ಲಿ ಟೈಲರ್‌ಗಳಿಗೆ ಅವರ ಕೈ ನೋಡಿ ಎ, ಬಿ, ಸಿ ಅಂತ ಗ್ರೇಡ್ ಇರುತ್ತದೆ. ಕಾಲರ್, ಕಫ್, ತೋಳು ಕೂರಿಸುವಂಥ ಕಷ್ಟದ ಕೆಲಸ ಮಾಡುವವರು ಎ. ನಮ್ಮಲ್ಲಿ ಸರಾಸರಿ 60 ಜನ ಎ ಗ್ರೇಡಿನವರಿದ್ದರು, ವರ್ಷದಲ್ಲಿ ಬಿಟ್ಟವರು 18. ಅಂದರೆ ಶೇ 30. ಇಡೀ ಕಾರ್ಖಾನೆಯ 72ರ ಪಕ್ಕ ಇಟ್ಟರೆ ಚಿಕ್ಕದಾಗಿ ಕಾಣುತ್ತದೆ, ಆದ್ದರಿಂದಲೇ ಯಾರೂ ಅದನ್ನು ನೋಡಿರಲಿಲ್ಲ. ಆದರೆ ದುಡ್ಡು ಸೋರುತ್ತಿದ್ದದ್ದು ಇಲ್ಲೇ.

ನಾಲ್ಕನೇ ಹೆಜ್ಜೆ: ಒಬ್ಬರು ಹೋದದ್ದರ ನಷ್ಟ ಲೆಕ್ಕ ಹಾಕುವುದು

ಕಾಲರ್ ಅಕ್ಕನ ಜಾಗಕ್ಕೆ ಬೇರೆಯವರನ್ನು ತಂದ ಖರ್ಚು ಎಷ್ಟು ಅಂತ ಅಕೌಂಟ್ಸಿನವರನ್ನು ಕೇಳಿದೆ. ಕರೆತಂದವರಿಗೆ ಕೊಟ್ಟ ಇನಾಮು, ಟ್ರಯಲ್, ಐಡಿ ಕಾರ್ಡು ಎಲ್ಲ ಸೇರಿ 3,500 ರೂಪಾಯಿ. ಹೊಸಬರು ಲೈನಿಗೆ ಬರುವ ಮುಂಚೆ ಆರು ದಿನ ಟ್ರೈನಿಂಗ್ ರೂಮಿನಲ್ಲಿದ್ದ ಸಂಬಳ 3,750. ಒಟ್ಟು 7,250. ಪುಸ್ತಕದಲ್ಲಿ ಸಿಗುವುದು ಇಷ್ಟೇ. ಮಿಕ್ಕಿದ್ದು ಸಂಬಳದ ಖಾತೆಯಲ್ಲಿ, ಬಟ್ಟೆಯ ಖಾತೆಯಲ್ಲಿ ಸೇರಿಕೊಂಡು ಮಾಮೂಲಿ ಖರ್ಚಿನ ಹಾಗೆ ಕಾಣುತ್ತದೆ.

ಅದನ್ನು ಹೊರಗೆ ತೆಗೆಯಲು ಮೊದಲು ಒಂದು ಪೀಸಿಗೆ ಲೈನಿನ ಕೂಲಿ ಎಷ್ಟು ಬೀಳುತ್ತದೆ ಅಂತ ಗೊತ್ತಿರಬೇಕು. ತಿಂಗಳಿಗೆ 13,000 ಅಂದರೆ 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್, ಇಎಸ್‌ಐ, ಬೋನಸ್ ಸೇರಿ ಇನ್ನೊಂದು ಕಾಲು ಭಾಗ. ಒಬ್ಬರಿಗೆ ದಿನಕ್ಕೆ 625. ನಮ್ಮ ಲೈನಿನಲ್ಲಿ 40 ಟೈಲರ್, ಹೆಲ್ಪರ್ ಚೆಕ್ಕರ್ ಸೇರಿ 10, ಒಟ್ಟು 50 ಜನ. ದಿನಕ್ಕೆ 31,250 ರೂಪಾಯಿ. ಒಳ್ಳೆಯ ದಿನ 480 ಶರ್ಟ್ ಹೊರಬರುತ್ತಿದ್ದವು. ಭಾಗಿಸಿದರೆ ಪೀಸಿಗೆ 65 ರೂಪಾಯಿ. ಶರ್ಟಿನ ಮಾರಾಟ ಬೆಲೆಯನ್ನು ಇಲ್ಲಿ ಹಾಕಬೇಡಿ, ಲೆಕ್ಕ ಉಬ್ಬಿಹೋಗುತ್ತದೆ, ಯಾರೂ ನಂಬುವುದಿಲ್ಲ. ಸಂಬಳ ಕೊಟ್ಟೂ ಪೀಸ್ ಬಾರದೇ ಹೋದದ್ದಕ್ಕೆ ಮಾತ್ರ ಬೆಲೆ ಕಟ್ಟಿ.

ಈಗ ಗಂಟೆವಾರು ಬೋರ್ಡಿನ ಹಳೇ ರಿಜಿಸ್ಟರ್ ತೆಗೆಯಿರಿ. ಕಾಲರ್ ಅಕ್ಕ ಹೋಗುವ ಮುಂಚಿನ ನಾಲ್ಕು ವಾರದ ಸರಾಸರಿ, ಹೋದ ಮೇಲಿನ ಎಂಟು ವಾರದ ಸರಾಸರಿ. ಸ್ಟೈಲ್ ಒಂದೇ ಇರಬೇಕು, ಅರ್ಧ ತೋಳಿನ ಶರ್ಟಿನಿಂದ ಪೂರ್ತಿ ತೋಳಿಗೆ ಬದಲಾಗಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ನಮಗೆ ಅದೃಷ್ಟಕ್ಕೆ ಅದೇ ಆರ್ಡರ್ ಮುಂದುವರಿದಿತ್ತು. ಮೊದಲು ದಿನಕ್ಕೆ 480 ಇದ್ದದ್ದು, ಮೊದಲ ವಾರ 400ಕ್ಕೆ ಬಿತ್ತು. ಆಮೇಲೆ ವಾರವಾರ 418, 432, 445, 456, 466, 474 ಅಂತ ಏರಿ ಎಂಟನೇ ವಾರಕ್ಕೆ 480 ಮುಟ್ಟಿತು. ಪ್ರತಿ ವಾರದ ಕೊರತೆಯನ್ನು ಆರು ದಿನದಿಂದ ಗುಣಿಸಿ ಕೂಡಿದರೆ 1,614 ಶರ್ಟ್ ಕಡಿಮೆ.

ಇಷ್ಟಕ್ಕೂ ಒಬ್ಬರು ಹೋದರೆ ಐವತ್ತು ಜನರ ಕೆಲಸ ಯಾಕೆ ನಿಲ್ಲಬೇಕು? ಲೈನ್ ಅನ್ನುವುದು ಒಂದರ ಹಿಂದೆ ಒಂದು ಮಷೀನು. ಕಾಲರ್ ಕೂರದೆ ಶರ್ಟ್ ಮುಂದೆ ಹೋಗುವುದಿಲ್ಲ. ಆ ಜಾಗದಲ್ಲಿ ಗಂಟೆಗೆ 50 ಬಂದರೆ, ಮುಂದಿರುವವರು 60 ಮಾಡುವ ಕೈಯವರಾದರೂ ಕಫ್ ಹಾಕುವುದು 50 ಶರ್ಟಿಗೇ. ಸಾಮಾನ್ಯ ಜಾಗದಲ್ಲಿ, ಉದಾಹರಣೆಗೆ ಜೇಬಿನ ಬಾಯಿ ಮಡಚುವ ಜಾಗದಲ್ಲಿ, ಒಬ್ಬರು ಹೋದರೆ ಪಕ್ಕದವರು ಒಂದು ಗಂಟೆ ಮಾಡಿಕೊಟ್ಟು ಸರಿದೂಗಿಸುತ್ತಾರೆ. ಕಾಲರನ್ನು ಬಿಡುವಿನಲ್ಲಿ ಮಾಡಿಕೊಡುವವರು ಯಾರೂ ಇಲ್ಲ. ತುದಿ ಎರಡೂ ಕಡೆ ಒಂದೇ ಅಳತೆಗೆ ಬರಬೇಕು, ಕತ್ತಿನ ಸುತ್ತ ಸುಕ್ಕು ಬೀಳಬಾರದು, ಎಡಗೈ ಬೆರಳಲ್ಲಿ ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು ಅನ್ನುವುದು ಕೂತು ಕೂತೇ ಬರಬೇಕು.

ಹಾಗಾದರೆ 1,614 ಪೂರ್ತಿ ಅವರು ಹೋದದ್ದರಿಂದಲೇ ಆಗಿದ್ದಾ? ಈ ಪ್ರಶ್ನೆ ಕೇಳಲೇಬೇಕು. ಗೊತ್ತುಮಾಡಿಕೊಳ್ಳುವ ದಾರಿ ಬಂಡಲ್ ಎಲ್ಲಿ ಬಿದ್ದಿದೆ ಅಂತ ನೋಡುವುದು. ಕಾಲರ್ ಮಷೀನಿನ ಹಿಂದೆ ರಾಶಿ, ಮುಂದೆ ಖಾಲಿ ಇದ್ದರೆ ತಡೆ ಅಲ್ಲೇ ಇದೆ. ಇಡೀ ಲೈನ್ ಖಾಲಿ ಕೂತಿದ್ದರೆ ಕಟಿಂಗಿನಿಂದ ಮಾಲು ಬಂದಿಲ್ಲ. ರಾಶಿ ಬೇರೆ ಮಷೀನಿನ ಹಿಂದಿದ್ದರೆ ಸಮಸ್ಯೆ ಬೇರೆ. ನಮ್ಮ ಸೂಪರ್‌ವೈಸರ್ ನೋಟ್‌ಬುಕ್ಕಿನಲ್ಲಿ ಎರಡನೇ ವಾರ ಬಟ್ಟೆ ತಡವಾಗಿ ಬಂದು ಲೈನ್ ಅರ್ಧ ದಿನ ನಿಂತಿದ್ದು ಬರೆದಿತ್ತು. ಅದರ 214 ಶರ್ಟ್ ಕಳೆದೆವು. ಉಳಿದದ್ದು 1,400. ಪೀಸಿಗೆ 65ರಂತೆ 91,000 ರೂಪಾಯಿ.

ಆಮೇಲೆ ಉಳಿದವುಗಳು. ಮೊದಲ ಎರಡು ವಾರ ಐದನೇ ಲೈನಿನಿಂದ ಒಬ್ಬ ಒಳ್ಳೆಯ ಟೈಲರನ್ನು ಇಲ್ಲಿ ಕೂರಿಸಿದ್ದೆವು. ಆದ್ದರಿಂದಲೇ ನಮ್ಮ ಲೈನ್ 400ರಲ್ಲಿ ನಿಂತಿತು, ಇಲ್ಲದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು. ಆದರೆ ಆಕಡೆ ಐದನೇ ಲೈನ್ ದಿನಕ್ಕೆ 25 ಶರ್ಟ್ ಕಡಿಮೆ ಕೊಟ್ಟಿತು, ಹನ್ನೆರಡು ದಿನಕ್ಕೆ 300, ಅಂದರೆ 19,500 ರೂಪಾಯಿ. ಲೆಕ್ಕ ಹಾಕುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ, ಯಾಕೆಂದರೆ ಆ ಕೊರತೆಯನ್ನು ಐದನೇ ಲೈನಿನ ಸೂಪರ್‌ವೈಸರ್ ತಲೆಗೆ ಕಟ್ಟಿರುತ್ತಾರೆ.

ಇನ್ನೊಂದು, ಹೋಗುವ ಮುಂಚಿನ ದಿನಗಳು. ಬಿಡುವ ಮನಸ್ಸು ಮಾಡಿದವರು ಕೊನೆಯ ತಿಂಗಳು ಹೆಚ್ಚು ರಜೆ ಹಾಕುತ್ತಾರೆ, ಬೇರೆ ಕಡೆ ಟ್ರಯಲ್ ಕೊಡಲು ಹೋಗಿರುತ್ತಾರೆ. ಕಾಲರ್ ಅಕ್ಕನ ಹಾಜರಿ ತೆಗೆದು ನೋಡಿದರೆ ಕೊನೆಯ ತಿಂಗಳಲ್ಲಿ ನಾಲ್ಕು ದಿನ ಬಂದಿರಲಿಲ್ಲ, ಆ ನಾಲ್ಕೂ ದಿನ ಲೈನ್ 50ರಷ್ಟು ಕಡಿಮೆ. 200 ಶರ್ಟ್, 13,000 ರೂಪಾಯಿ. ಹಾಗೆ ನೋಡಿದರೆ ನಮ್ಮ 480 ಅನ್ನುವುದು ಆ ನಾಲ್ಕು ದಿನಗಳನ್ನು ಬಿಟ್ಟು ತೆಗೆದ ಸರಾಸರಿ. ಅವನ್ನೂ ಸೇರಿಸಿ ಸರಾಸರಿ ತೆಗೆದರೆ ಹಳೆಯ ಮಟ್ಟವೇ ತಗ್ಗಿ, ನಷ್ಟ ಕಡಿಮೆ ಕಾಣುತ್ತದೆ.

ಆಲ್ಟರ್ ಪೀಸುಗಳ ಲೆಕ್ಕ ಚೆಕ್ಕರ್ ರಿಜಿಸ್ಟರಿನಲ್ಲಿ ಸಿಗುತ್ತದೆ. ಕಾಲರ್ ತಪ್ಪಿಗೆ ವಾಪಸ್ ಬರುತ್ತಿದ್ದದ್ದು ನೂರಕ್ಕೆ 3, ಮೊದಲ ನಾಲ್ಕು ವಾರ ಅದು 9 ಆಯಿತು. ಆ ನಾಲ್ಕು ವಾರ ಹೊಲಿದದ್ದು ಸುಮಾರು 10,170 ಶರ್ಟ್. ಹೆಚ್ಚುವರಿ 6 ಅಂದರೆ 610 ಶರ್ಟ್ ಬಿಚ್ಚಿ, ಮತ್ತೆ ಕೂರಿಸಿ, ಮತ್ತೆ ಇಸ್ತ್ರಿ ಹಾಕಿ, ಮತ್ತೆ ಚೆಕ್ ಮಾಡಬೇಕಾಯಿತು. ಒಂದಕ್ಕೆ ಹತ್ತು ನಿಮಿಷ ಅಂತ ಹಿಡಿದರೂ ನೂರು ಗಂಟೆಗೆ ಮೇಲೆ, ಸುಮಾರು 8,000 ರೂಪಾಯಿ ಕೂಲಿ. ಬಿಚ್ಚುವಾಗ ಬಟ್ಟೆ ಹರಿದು ಪೂರ್ತಿ ಹಾಳಾದದ್ದು 25, ಒಂದಕ್ಕೆ 350ರಂತೆ 8,750.

ಎಲ್ಲ ಕೂಡಿದರೆ 1,47,500 ರೂಪಾಯಿ. ಪುಸ್ತಕದಲ್ಲಿ ಕಂಡದ್ದು 7,250. ತಿಂಗಳಿಗೆ 13,000 ಸಂಬಳದ ಒಬ್ಬರ ಜಾಗ ತುಂಬಲು ಅವರ ಹನ್ನೊಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಗಿತ್ತು.

ಲೆಕ್ಕ ತಪ್ಪುವ ಜಾಗಗಳು

ಒಂದೇ ನಷ್ಟವನ್ನು ಎರಡು ಸಲ ಎಣಿಸಬೇಡಿ. ಹೊಸಬರು ನಿಧಾನವಾಗಿ ಹೊಲಿಯುತ್ತಿದ್ದಾಗಿನ ಅವರ ಸಂಬಳವನ್ನು 'ಕಲಿಕೆಯ ಖರ್ಚು' ಅಂತ ಬೇರೆ ಹಾಕಿದರೆ ತಪ್ಪು, ಯಾಕೆಂದರೆ ಅದು 65 ರೂಪಾಯಿಯ ಒಳಗೇ ಇದೆ. ಲೈನಿಗೆ ಬರುವ ಮುಂಚಿನ ಆರು ದಿನ ಮಾತ್ರ ಬೇರೆ. ಹಾಗೇ ಕಡಿಮೆಯಾದ ಶರ್ಟುಗಳನ್ನು ಓಟಿ ಮಾಡಿಸಿ ತುಂಬಿಸಿದ್ದರೆ, ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು ಕೂಲಿ. ಆಗ ಪೀಸಿಗೆ 65ರ ಬದಲು ಓಟಿಗೆ ನಿಜವಾಗಿ ಕೊಟ್ಟ ದುಡ್ಡನ್ನು ಹಾಕಿ. ಎರಡನ್ನೂ ಹಾಕಬೇಡಿ.

ಗ್ರಾಚ್ಯುಟಿ ಇದರಲ್ಲಿ ಸೇರುವುದಿಲ್ಲ. ಅದು ಐದು ವರ್ಷ ತುಂಬಿದವರು ದುಡಿದು ಗಳಿಸಿದ ಬಾಕಿ, ಇಂದಲ್ಲ ನಾಳೆ ಕೊಡಲೇಬೇಕಾದದ್ದು. ಇಲ್ಲಿ ಒಂದು ಮಾತು ಹೇಳಲೇಬೇಕು. ಐದು ವರ್ಷ ತುಂಬುವ ಮುಂಚೆ ಒಬ್ಬರು ಬಿಟ್ಟರೆ ಗ್ರಾಚ್ಯುಟಿ ಉಳಿಯಿತು ಅಂತ ಸಮಾಧಾನ ಪಡುವ ಮಾಲೀಕರನ್ನು ನಾನು ಕಂಡಿದ್ದೇನೆ. ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 26 ದಿನ ಅಂತ ಹಿಡಿದು ಲೆಕ್ಕ. 13,000ಕ್ಕೆ ಐದು ವರ್ಷಕ್ಕೆ ಬರುವುದು 37,500 ರೂಪಾಯಿ. ಅದನ್ನು ಉಳಿಸಿದೆವು ಅನ್ನುವ ಹೊತ್ತಿಗೆ ಲೈನಿನಲ್ಲಿ ಅದರ ನಾಲ್ಕರಷ್ಟು ಹೋಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು, ಈ ಒಂದೂವರೆ ಲಕ್ಷವನ್ನು 288ರಿಂದ ಗುಣಿಸುವುದು. ಹೆಲ್ಪರ್ ಹೋದರೆ ನಷ್ಟ ಏಳೆಂಟು ಸಾವಿರ ದಾಟುವುದಿಲ್ಲ. ಎ ಗ್ರೇಡಿನ 18 ಜನರಲ್ಲೂ ಎಲ್ಲರೂ ಲೈನ್ ನಿಲ್ಲಿಸುವ ಜಾಗದಲ್ಲಿ ಇರಲಿಲ್ಲ. ನಾವು ನೋಡಿದಾಗ ಅಂಥವರು 7 ಜನ. ಅದರಲ್ಲೂ ಒಂದು ಕಡೆ ಅದೇ ಕೆಲಸ ಬಲ್ಲ ಇನ್ನೊಬ್ಬರು ಪಕ್ಕದ ಮಷೀನಿನಲ್ಲೇ ಇದ್ದರು, ಅಲ್ಲಿ ನಷ್ಟ 30,000 ಕೂಡ ದಾಟಲಿಲ್ಲ. ಆದ್ದರಿಂದ ಮೂರು ನಾಲ್ಕು ಜನರದ್ದು ಹೀಗೆ ಬಿಡಿಬಿಡಿಯಾಗಿ ಹಾಕಿ, ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಎರಡೂ ಬರೆಯಿರಿ. ಸರಾಸರಿ ಒಂದನ್ನೇ ತೋರಿಸಬೇಡಿ.

ಐದನೇ ಹೆಜ್ಜೆ: ಕಾರಣ ಕೇಳುವುದು, ಆದರೆ ತಡವಾಗಿ

ಕಾಲರ್ ಅಕ್ಕ ಸಂಬಳದ ಲೆಕ್ಕ ತೀರಿಸಿಕೊಳ್ಳಲು ಬಂದಾಗ ಫಾರಂನಲ್ಲಿ 'ಮನೆ ಕಷ್ಟ' ಅಂತ ಬರೆಸಿದ್ದರು. ಬಿಟ್ಟವರ ಫಾರಂಗಳನ್ನು ತೆಗೆದು ನೋಡಿ, ಮುಕ್ಕಾಲು ಪಾಲು ಅದೇ ಇರುತ್ತದೆ. ಪಿಎಫ್ ಸಹಿ ಇನ್ನೂ ಆಗಬೇಕಿರುವಾಗ ಯಾರು ತಾನೇ ಸೂಪರ್‌ವೈಸರ್ ಮೇಲೆ, ಕಂಪನಿ ಮೇಲೆ ದೂರು ಹೇಳುತ್ತಾರೆ? ಅದಕ್ಕೆ ನಾನು ಎರಡು ತಿಂಗಳು ಬಿಟ್ಟು ಕೇಳುತ್ತಿದ್ದೆ, ದುಡ್ಡೆಲ್ಲ ಕೈಗೆ ಬಂದ ಮೇಲೆ. ಕೇಳುವುದೂ ಆಫೀಸಿನವರಲ್ಲ, ಅವರ ಜೊತೆ ಊಟಕ್ಕೆ ಕೂರುತ್ತಿದ್ದ ಒಬ್ಬರ ಕೈಲಿ ಫೋನ್ ಮಾಡಿಸುತ್ತಿದ್ದೆ. 'ಯಾಕೆ ಬಿಟ್ಟೆ' ಅಂತಲ್ಲ, 'ಯಾವತ್ತು ಬಿಡಬೇಕು ಅನ್ನಿಸ್ತು' ಅಂತ. ಎರಡನೇ ಪ್ರಶ್ನೆಗೆ ಜನ ಒಂದು ದಿನವನ್ನು ನೆನೆಸಿಕೊಂಡು ಹೇಳುತ್ತಾರೆ.

ಕಾಲರ್ ಅಕ್ಕ ಹೇಳಿದ್ದು ಇಷ್ಟು. "ವ್ಯಾನು ಊರೊಳಗೆ ಬರೋದು ನಿಲ್ಸಿದ್ರಲ್ಲ, ಅವತ್ತೇ ಕಣವ್ವ. ಸಂಜೆ ಎಂಟಕ್ಕೆ ಮೇನ್ ರೋಡಲ್ಲಿ ಇಳ್ಸಿ ಹೋಯ್ತಿದ್ರು. ಆ ಕಬ್ಬಿನ ಗದ್ದೆ ಪಕ್ಕ ಒಬ್ಳೇ ನಡ್ಕೊಂಡು ಹೋಗ್ಬೇಕು. ಮನೇಲಿ ಬೇಡ ಅಂದ್ರು."

ಡೀಸೆಲ್ ಉಳಿಸಲು ಮೂರು ತಿಂಗಳ ಹಿಂದೆ ವ್ಯಾನಿನ ದಾರಿ ಮೊಟಕು ಮಾಡಿದ್ದರು. ದಿನಕ್ಕೆ ಹೋಗಿ ಬರುವಾಗ ಆರು ಕಿಲೋಮೀಟರ್ ಉಳಿತಾಯ. ಕಿಲೋಮೀಟರಿಗೆ 25 ರೂಪಾಯಿ ಬಾಡಿಗೆಯಂತೆ ದಿನಕ್ಕೆ 150, ತಿಂಗಳಿಗೆ 3,900, ವರ್ಷಕ್ಕೆ 46,800. ಆ ಊರಿನಿಂದ ಐದು ಜನ ಬರುತ್ತಿದ್ದರು, ಅವರಲ್ಲಿ ಇನ್ನೊಬ್ಬರು ತೋಳು ಕೂರಿಸುವ ಎ ಗ್ರೇಡ್ ಟೈಲರ್.

ಒಂದೇ ಹಾಳೆಯಲ್ಲಿ ಎಡಗಡೆ 1,47,500ರ ಬಾಬತ್ತುಗಳನ್ನು, ಬಲಗಡೆ 46,800 ಅನ್ನು ಬರೆದು, ಪಕ್ಕದಲ್ಲಿ ಗಂಟೆವಾರು ಬೋರ್ಡಿನ ರಿಜಿಸ್ಟರ್, ಚೆಕ್ಕರ್ ರಿಜಿಸ್ಟರ್ ಎರಡನ್ನೂ ತೆರೆದಿಟ್ಟು ಫ್ಯಾಕ್ಟರಿ ಮ್ಯಾನೇಜರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದು 214 ಶರ್ಟ್ ಯಾಕೆ ಕಳೆದಿರಿ ಅಂತ. ಸೂಪರ್‌ವೈಸರ್ ನೋಟ್‌ಬುಕ್ಕಿನ ಆ ಪುಟ ತೋರಿಸಿದೆ. ಆಮೇಲೆ ಬೇರೆ ಪ್ರಶ್ನೆ ಕೇಳಲಿಲ್ಲ. ಮುಂದಿನ ಸೋಮವಾರದಿಂದ ವ್ಯಾನು ಊರೊಳಗಿನ ಅರಳಿಕಟ್ಟೆ ತನಕ ಹೋಯಿತು. ಕಾಲರ್ ಅಕ್ಕ ಅಷ್ಟರಲ್ಲಿ ಮಂಡ್ಯ ಕಡೆ ಬೇರೆ ಕಂಪನಿ ಸೇರಿದ್ದರು, ಬರಲಿಲ್ಲ. ಮಿಕ್ಕ ನಾಲ್ಕು ಜನ ನಾನು ಅಲ್ಲಿಂದ ಬರುವ ತನಕ ಅದೇ ವ್ಯಾನಿನಲ್ಲಿ ಬರುತ್ತಿದ್ದರು.